ಅರ್ಜೆಂಟ್ ಎಂದು ಬರೆದರೆ ಯಾರ ಫೋನೂ ಮೊಳಗುವುದಿಲ್ಲ

ಹುಬ್ಬಳ್ಳಿಯ ನಮ್ಮ ಗೋದಾಮು, ಬಿಲ್ಲಿಂಗ್ ಮತ್ತು ಲೆಕ್ಕಪತ್ರ ವಿಭಾಗದ ಗೆಳೆಯರಿಗೂ, ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟು ನೋಡಿಕೊಳ್ಳುತ್ತಿರುವ ಬೆಂಗಳೂರಿನ ಸಪೋರ್ಟ್ ತಂಡದವರಿಗೂ,



ನಿಮ್ಮೆಲ್ಲರ ನಡುವೆ ಸ್ಲ್ಯಾಕ್‌ನಲ್ಲಿ ಒಂದು ಜಂಟಿ ಚಾನೆಲ್ ಇದೆ. ಅದನ್ನು ಹೇಗೆ ಬಳಸಬೇಕು ಎನ್ನುವುದನ್ನು ಈವರೆಗೆ ಎಲ್ಲೂ ಬರೆದಿಟ್ಟಿರಲಿಲ್ಲ. ಬೆಂಗಳೂರಿನವರಿಗೆ ಅವರದೇ ಒಂದು ಕಲ್ಪನೆ, ಗೋದಾಮಿನವರಿಗೆ ಅವರದೇ ಇನ್ನೊಂದು. ಮುಂದಿನ ತಿಂಗಳಿಂದ ಜಾರಿಗೆ ಬರುವ ಹೊಸ ಕ್ರಮವನ್ನು ಒಬ್ಬೊಬ್ಬರಿಗೆ ಬೇರೆ ಬೇರೆ ಮೇಲ್‌ನಲ್ಲಿ ಹೇಳಿದರೆ ಮತ್ತೆ ಎರಡು ಕಲ್ಪನೆಗಳೇ ಹುಟ್ಟುತ್ತವೆ. ಅದಕ್ಕೇ ಎರಡೂ ಕಡೆಯವರ ಮುಂದೆ ಒಂದೇ ಪತ್ರ ಇಡುತ್ತಿದ್ದೇನೆ. ಇದರಲ್ಲಿ ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರು ಓದಲಿ ಎಂಬುದೂ ನನ್ನ ಉದ್ದೇಶವೇ.

ಮೊದಲು, ಈ ಕ್ರಮಕ್ಕೆ ಕಾರಣವಾದ ಒಂದು ಶುಕ್ರವಾರ ಸಂಜೆಯ ಸಂಗತಿಯನ್ನು ಪೂರ್ತಿಯಾಗಿ ಹೇಳುತ್ತೇನೆ. ನಿಮ್ಮಲ್ಲಿ ಪ್ರತಿಯೊಬ್ಬರಿಗೂ ಅದರ ಒಂದು ತುಂಡು ಮಾತ್ರ ಗೊತ್ತಿದೆ.

ತಿಂಗಳ ಕೊನೆಯ ಶುಕ್ರವಾರ. ತಾರಿಹಾಳದ ಗೋದಾಮಿನ ಗೇಟಿನಲ್ಲಿ ವಿಜಯಪುರ ಮತ್ತು ರಾಯಚೂರಿಗೆ ಹೊರಡಬೇಕಾದ ಮೂರು ಲಾರಿಗಳು ಲೋಡ್ ಆಗಿ ನಿಂತಿದ್ದವು. ಸಂಜೆ 7:10ಕ್ಕೆ ಬಿಲ್ಲಿಂಗ್‌ನವರು ಮೂರು ಇನ್‌ವಾಯ್ಸ್‌ಗಳನ್ನು ಇ-ಇನ್‌ವಾಯ್ಸ್ ಪೋರ್ಟಲ್‌ಗೆ ಕಳಿಸಿದರು. ವರ್ಷದ ವಹಿವಾಟು 5 ಕೋಟಿ ದಾಟಿದವರು 2023ರ ಆಗಸ್ಟ್ 1ರಿಂದ ವ್ಯಾಪಾರಿ ಗ್ರಾಹಕರಿಗೆ ಕೊಡುವ ಬಿಲ್ಲುಗಳನ್ನೆಲ್ಲ ಹೀಗೆ ನೋಂದಾಯಿಸಲೇಬೇಕು. ಪೋರ್ಟಲ್ ಪ್ರತಿ ಬಿಲ್ಲಿಗೂ 64 ಅಕ್ಷರಗಳ ಒಂದು ಐಆರ್‌ಎನ್ ಕೊಡುತ್ತದೆ, ಅದು ಬಂದ ಮೇಲೆಯೇ ನಮ್ಮಲ್ಲಿ ಇ-ವೇ ಬಿಲ್ ಮಾಡಿ ಲಾರಿ ಬಿಡುವುದು. ಆವತ್ತು ಪೋರ್ಟಲ್ ಮೂರನ್ನೂ ನೋಂದಾಯಿಸಿಕೊಂಡಿತು. ಆದರೆ ಅದರ ಉತ್ತರ ವಾಪಸ್ ಬರುವ ದಾರಿಯಲ್ಲಿ ಜಾಲ ಕಡಿದುಹೋಯಿತು. ನಮ್ಮ ಸಾಫ್ಟ್‌ವೇರ್ ಸ್ವಲ್ಪ ಹೊತ್ತು ಕಾದು, ಉತ್ತರವಿಲ್ಲ ಎಂದು ಮೂರನ್ನೂ ‘ವಿಫಲ’ ಎಂದು ತೋರಿಸಿತು.

ಇನ್ನೊಮ್ಮೆ ಕಳಿಸಿದಾಗ ಪರದೆಯ ಮೇಲೆ ಬಂದದ್ದು ಇದು:

```
2150: Duplicate IRN
```

ಈ ಸಂಖ್ಯೆಯ ಅರ್ಥ ಸರಳ. ಮಾರುವವರ ಜಿಎಸ್‌ಟಿ ನಂಬರ್, ದಾಖಲೆಯ ಬಗೆ, ಬಿಲ್ ನಂಬರ್, ಆರ್ಥಿಕ ವರ್ಷ ಇವುಗಳಿಂದ ಲೆಕ್ಕ ಹಾಕಿ ಐಆರ್‌ಎನ್ ಹುಟ್ಟುತ್ತದೆ. ಅದೇ ಬಿಲ್ ನಂಬರ್ ಮತ್ತೆ ಹೋದರೆ ಅದೇ ಐಆರ್‌ಎನ್ ಬರಬೇಕು, ಆದ್ದರಿಂದ ಪೋರ್ಟಲ್ ‘ಇದು ಆಗಲೇ ನನ್ನ ಬಳಿ ಇದೆ’ ಎನ್ನುತ್ತದೆ. ಅಂದರೆ 2150 ಎಂಬುದು ಕೆಟ್ಟ ಸುದ್ದಿಯೇ ಅಲ್ಲ, ಮೊದಲ ಸಲವೇ ಕೆಲಸ ಆಗಿದೆ ಎನ್ನುವುದಕ್ಕೆ ಸಾಕ್ಷಿ. ಆ ಉತ್ತರದ ಒಳಗೇ ಹಳೆಯ ಐಆರ್‌ಎನ್ ಕೂಡ ವಾಪಸ್ ಬಂದಿರುತ್ತದೆ. ಬೆಂಗಳೂರಿನವರು ಅದನ್ನು ಹಿಡಿದು, ಆ ಬಿಲ್ಲಿನ ವಿವರವನ್ನು ಪೋರ್ಟಲ್‌ನಿಂದ ಎಳೆದುಕೊಂಡು, ನಮ್ಮ ಸಾಫ್ಟ್‌ವೇರ್‌ನಲ್ಲಿ ಕೂರಿಸಿದರೆ ಮುಗಿಯಿತು. ಗೊತ್ತಿರುವವರಿಗೆ ಹತ್ತು ನಿಮಿಷದ ಕೆಲಸ. ಆದರೆ ಲಾರಿ ಡ್ರೈವರ್ ಕಿಟಕಿಯ ಹೊರಗೆ ನಿಂತು ‘ಇನ್ನೂ ಎಷ್ಟೊತ್ತ್ರೀ’ ಎಂದು ಕೇಳುತ್ತಿರುವಾಗ ಕೆಂಪು ಅಕ್ಷರದಲ್ಲಿ ದೋಷ ಕಂಡ ಬಿಲ್ಲಿಂಗ್ ಹುಡುಗನಿಗೆ ಅದು ಹೇಗೆ ಗೊತ್ತಾಗಬೇಕು?

ಅವನು 7:20ಕ್ಕೆ ಚಾನೆಲ್‌ಗೆ ಹೋದ. ಅಲ್ಲಿ ಬೆಳಿಗ್ಗೆ ಒಂದು ವರದಿಯ ಕಾಲಂ ಬಗ್ಗೆ ನಡೆದ ಮಾತು ತೆರೆದಿತ್ತು. ಅದರದೇ ಥ್ರೆಡ್‌ನಲ್ಲಿ ‘ಸರ್, ಇನ್‌ವಾಯ್ಸ್ ಆಗ್ತಿಲ್ಲ’ ಎಂದು ಬರೆದ. ಉತ್ತರ ಬರಲಿಲ್ಲ. ಹತ್ತು ನಿಮಿಷ ಬಿಟ್ಟು ಅದೇ ಥ್ರೆಡ್‌ನಲ್ಲಿ `@here` ಹಾಕಿ ಮತ್ತೆ ಬರೆದ. 7:45ಕ್ಕೆ ಹೊರಗೆ ಹೊಸ ಸಂದೇಶವಾಗಿ ‘ಅರ್ಜೆಂಟ್ ಸರ್ ಅರ್ಜೆಂಟ್’ ಎಂದು ಹಾಕಿದ. ಅದಕ್ಕೆ ತಕ್ಷಣ ‘ನಿಮ್ಮ ಮನವಿಯನ್ನು ಸ್ವೀಕರಿಸಲಾಗಿದೆ’ ಎಂದು ಉತ್ತರ ಬಂತು. ಬರೆದದ್ದು ಮನುಷ್ಯರಲ್ಲ, ತಾನಾಗಿ ಹೋಗುವ ಸಂದೇಶ. 8:05ರವರೆಗೆ ಕಾದ ಗೋದಾಮಿನ ಮ್ಯಾನೇಜರ್, ನಂಬರ್ ಬದಲಿಸಿ ಹೊಸ ಬಿಲ್ ಮಾಡಿ ಎಂದರು. ಹೊಸ ನಂಬರಿಗೆ ಹೊಸ ಐಆರ್‌ಎನ್ ಬಂತು, ಇ-ವೇ ಬಿಲ್ ಆಯಿತು, 8:30ಕ್ಕೆ ಲಾರಿಗಳು ಹೊರಟವು. ಗೋದಾಮಿನ ಮಟ್ಟಿಗೆ ಸಮಸ್ಯೆ ಪರಿಹಾರವಾಯಿತು. ಚಾನೆಲ್‌ನಲ್ಲಿ ‘ಆಯ್ತು ಸರ್, ಥ್ಯಾಂಕ್ಸ್’ ಎಂದೂ ಬರೆದರು. ಯಾರಿಗೆ ಥ್ಯಾಂಕ್ಸ್ ಎಂಬುದು ನನಗೆ ಇನ್ನೂ ತಿಳಿದಿಲ್ಲ.

ನಿಜವಾದ ತೊಂದರೆ ಹುಟ್ಟಿದ್ದು ಅಲ್ಲಿಂದ. ಒಂದೊಂದು ಲೋಡಿಗೆ ಎರಡೆರಡು ಬಿಲ್ಲು ಸರ್ಕಾರದ ದಾಖಲೆಯಲ್ಲಿ ಕೂತವು. ಐಆರ್‌ಎನ್ ಅನ್ನು ಪೋರ್ಟಲ್‌ನಲ್ಲಿ ರದ್ದು ಮಾಡಲು ಇರುವುದು 24 ಗಂಟೆ. ಶನಿವಾರ ಮಧ್ಯಾಹ್ನ ಲೆಕ್ಕಪತ್ರದವರು ಇದನ್ನು ಗಮನಿಸಿ, ‘ಮೂರು ಬಿಲ್ ಎರಡು ಸಲ ಕಾಣುತ್ತಿವೆ, ಸರಿಪಡಿಸುವುದು ಹೇಗೆ?’ ಎಂದು ಚಾನೆಲ್‌ನಲ್ಲಿ ಬಹಳ ಸೌಮ್ಯವಾಗಿ ಕೇಳಿದರು. ಪೋರ್ಟಲ್‌ಗೆ ಹೋಗಿ ತಾವೇ ರದ್ದು ಮಾಡಬಹುದಿತ್ತು ನಿಜ, ಆದರೆ ಅದಕ್ಕೆ ಐಆರ್‌ಎನ್ ಅಥವಾ ಅಕ್ನಾಲೆಜ್‌ಮೆಂಟ್ ನಂಬರ್ ಬೇಕು. ಆ ನಂಬರುಗಳು ನಮ್ಮ ಪರದೆಗೆ ಬಂದೇ ಇರಲಿಲ್ಲ. ಅವು ಇದ್ದದ್ದು ಬೆಂಗಳೂರಿನ ಸರ್ವರ್ ಲಾಗ್‌ನಲ್ಲಿ, 2150 ಎಂಬ ಉತ್ತರದ ಹೊಟ್ಟೆಯೊಳಗೆ. ಬೆಂಗಳೂರಿನವರಿಗೆ ಶನಿವಾರ ರಜೆ. ಶನಿವಾರ ಸಂಜೆ 7:10ಕ್ಕೆ ಗಡುವು ಮುಗಿಯಿತು. ಸೋಮವಾರ ಬೆಳಿಗ್ಗೆ ಅವರು ಉತ್ತರಿಸಿದರು, ಒಪ್ಪಂದದ ಲೆಕ್ಕದಲ್ಲಿ ಸರಿಯಾದ ಸಮಯಕ್ಕೇ. ಆಮೇಲೆ ಉಳಿದ ದಾರಿ, ಮೂರಕ್ಕೂ ಕ್ರೆಡಿಟ್ ನೋಟ್ ಹಾಕುವುದು, ಆ ಕ್ರೆಡಿಟ್ ನೋಟ್‌ಗೂ ಐಆರ್‌ಎನ್ ಪಡೆಯುವುದು, ವಿಜಯಪುರದ ಅಂಗಡಿಯವರಿಗೆ ಫೋನ್ ಮಾಡಿ ‘ನಿಮ್ಮ ಹೆಸರಿನಲ್ಲಿ ಕಾಣುವ ಎರಡನೆಯ ಬಿಲ್ಲಿನ ಟ್ಯಾಕ್ಸ್ ಕ್ರೆಡಿಟ್ ತೆಗೆದುಕೊಳ್ಳಬೇಡಿ’ ಎಂದು ವಿವರಿಸುವುದು.

ಇದರಲ್ಲಿ ಯಾರದು ತಪ್ಪು ಎಂದು ಹುಡುಕುತ್ತ ಕೂತರೆ ಒಬ್ಬೊಬ್ಬರೂ ತಮ್ಮ ಮಟ್ಟಿಗೆ ಸರಿಯಾಗಿಯೇ ನಡೆದುಕೊಂಡಿದ್ದಾರೆ ಎಂದು ತೋರುತ್ತದೆ. ಚಾನೆಲ್‌ಗೆ ಅದು ಮಾಡಲಾರದ ಕೆಲಸ ಒಪ್ಪಿಸಿದ್ದೇ ಗೊಂದಲ. ಆದ್ದರಿಂದ ಚಾನೆಲ್ ಏನು ಮಾಡಬಲ್ಲದು ಎಂಬುದನ್ನು ಮೊದಲು ನೋಡೋಣ.

ಸ್ಲ್ಯಾಕ್‌ನ ಜಂಟಿ ಚಾನೆಲ್ ವಾಟ್ಸ್ಆ್ಯಪ್ ಗುಂಪಿಗಿಂತ ಒಳ್ಳೆಯದು ಎಂದು ನಾನೇ ಒತ್ತಾಯಿಸಿ ತರಿಸಿದ್ದು. ಕಾರಣ ಇಷ್ಟೇ. ಎರಡೂ ಕಂಪನಿಯವರು ಅವರವರ ಖಾತೆಯಿಂದಲೇ ಒಳಗೆ ಬರುತ್ತಾರೆ, ಕೆಲಸ ಬಿಟ್ಟವರ ಖಾತೆ ಮುಚ್ಚಿದ ದಿನವೇ ಚಾನೆಲ್ಲೂ ಅವರಿಗೆ ಮುಚ್ಚುತ್ತದೆ. ಹಳೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾವಾಗಲೋ ಬಿಟ್ಟುಹೋದವರೂ ನಮ್ಮ ಗ್ರಾಹಕರ ಬಿಲ್ಲುಗಳ ಫೋಟೋ ನೋಡುತ್ತ ಕೂತಿದ್ದರು. ಒಂದು ಸಮಸ್ಯೆಗೆ ಒಂದು ಥ್ರೆಡ್ ಇರುವುದರಿಂದ ಹುಡುಕುವುದೂ ಸುಲಭ.

ಆದರೆ ಯಾರನ್ನಾದರೂ ಎಬ್ಬಿಸುವ ವಿಷಯದಲ್ಲಿ ಅದು ತೀರ ದುರ್ಬಲ. `@here` ಎಂದರೆ ಆ ಕ್ಷಣ ಸ್ಲ್ಯಾಕ್‌ನಲ್ಲಿ ಸಕ್ರಿಯವಾಗಿರುವವರಿಗೆ ಮಾತ್ರ. ಸಂಜೆ ಏಳೂವರೆಗೆ ಲ್ಯಾಪ್‌ಟಾಪ್ ಮುಚ್ಚಿ ಮೆಟ್ರೊ ಹತ್ತಿದವರು ಆ ಪಟ್ಟಿಯಲ್ಲಿ ಇರುವುದಿಲ್ಲ. `@channel` ಎಲ್ಲ ಸದಸ್ಯರನ್ನೂ ಕರೆಯುತ್ತದೆ, ಆದರೂ ‘ಡು ನಾಟ್ ಡಿಸ್ಟರ್ಬ್’ ಹಾಕಿಕೊಂಡವರನ್ನು ದಾಟಿ ಹೋಗುವುದಿಲ್ಲ. ಇದಕ್ಕಿಂತ ಮುಖ್ಯವಾದದ್ದು, ಥ್ರೆಡ್ ಒಳಗೆ ಬರೆದ `@here` ಮತ್ತು `@channel` ಯಾರಿಗೂ ಸೂಚನೆ ಕಳಿಸುವುದೇ ಇಲ್ಲ. ಬರೆದವರಿಗೆ ಅಕ್ಷರ ಬಣ್ಣ ಬದಲಾದದ್ದು ಕಾಣುತ್ತದೆ, ಎಲ್ಲರಿಗೂ ಹೋಯಿತು ಎಂದುಕೊಳ್ಳುತ್ತಾರೆ. ನಮ್ಮ ಹುಡುಗನೂ ಹಾಗೇ ಅಂದುಕೊಂಡ. ಇನ್ನು ‘ಅರ್ಜೆಂಟ್’ ಎಂಬ ಪದಕ್ಕಂತೂ ಸ್ಲ್ಯಾಕ್‌ನ ಕಣ್ಣಿನಲ್ಲಿ ‘ನಮಸ್ಕಾರ’ಕ್ಕಿಂತ ಹೆಚ್ಚಿನ ಬೆಲೆ ಇಲ್ಲ.

ಹಾಗೆಂದು ಸಪೋರ್ಟ್ ತಂಡದವರು ಇಪ್ಪತ್ನಾಲ್ಕು ಗಂಟೆಯೂ ಚಾನೆಲ್ ನೋಡುತ್ತಿರಲಿ ಎಂದು ಕೇಳುವುದು ಮೂರ್ಖತನ. ಹಾಗೆ ಕೇಳಿದರೆ ಅವರು ಒಪ್ಪಿಯೂಬಿಡುತ್ತಾರೆ, ಅದೇ ಅಪಾಯ. ಎಲ್ಲರೂ ನೋಡುತ್ತಿರುತ್ತಾರೆ ಎಂದಾಗ ಯಾರೂ ನೋಡುವುದಿಲ್ಲ.

ಹೊಸ ಕ್ರಮ ಹೀಗೆ. ಚಾನೆಲ್ ಇರುವುದು ಮಾತಿಗೆ. ತುರ್ತಿಗೆ ಒಂದು ಫೋನ್ ನಂಬರ್. ಆ ನಂಬರಿಗೆ ಕರೆ ಮಾಡಿದರೆ ಆ ವಾರ ಸರದಿಯಲ್ಲಿರುವ ಇಂಜಿನಿಯರ್‌ನ ಫೋನ್ ಮೊಳಗುತ್ತದೆ. ಐದು ನಿಮಿಷದಲ್ಲಿ ಅವರು ಎತ್ತದಿದ್ದರೆ ಎರಡನೆಯವರದು, ಮತ್ತೆ ಐದು ನಿಮಿಷಕ್ಕೆ ಅವರ ಮ್ಯಾನೇಜರ್‌ದು. ಹೀಗೆ ಮೇಲೆ ಮೇಲೆ ಹೋಗುವ ಸರಪಳಿಯನ್ನು ಪೇಜರ್‌ಡ್ಯೂಟಿಯಂಥ ಸೇವೆ ತಾನೇ ನಡೆಸುತ್ತದೆ. ಗೋದಾಮಿನವರು ಯಾರು ಸರದಿಯಲ್ಲಿದ್ದಾರೆ, ಯಾರಿಗೆ ಜ್ವರ, ಯಾರ ಮನೆಯಲ್ಲಿ ಮದುವೆ ಎಂದು ನೆನಪಿಟ್ಟುಕೊಳ್ಳಬೇಕಿಲ್ಲ. ಯಾವ ಇಂಜಿನಿಯರ್‌ನ ಸ್ವಂತ ನಂಬರೂ ಇನ್ನು ಮುಂದೆ ನಿಮ್ಮ ಬಳಿ ಬೇಕಿಲ್ಲ. ಈಗ ನಿಮ್ಮ ಬಳಿ ಇರುವ ಒಂದಿಬ್ಬರ ನಂಬರ್ ದಯವಿಟ್ಟು ಅಳಿಸಿಬಿಡಿ. ಒಳ್ಳೆಯ ಮನಸ್ಸಿನವರು ಎಂಬ ಕಾರಣಕ್ಕೆ ಎರಡು ವರ್ಷದ ಹಿಂದೆ ನಂಬರ್ ಕೊಟ್ಟ ತಪ್ಪಿಗೆ ಅವರು ಇವತ್ತೂ ಭಾನುವಾರ ಫೋನ್ ಎತ್ತುತ್ತಿದ್ದಾರೆ.

ಚಾನೆಲ್‌ನಲ್ಲೇ ಒಂದು ಕಮಾಂಡ್ ಹಾಕಿ ಪೇಜರ್ ಮೊಳಗಿಸಬಹುದಲ್ಲ ಎಂದು ಬೆಂಗಳೂರಿನವರು ಸೂಚಿಸಿದ್ದರು. ಯೋಚನೆ ಚೆನ್ನಾಗಿದೆ. ಆದರೆ ಅವರ ವರ್ಕ್‌ಸ್ಪೇಸ್‌ನಲ್ಲಿ ಅಳವಡಿಸಿದ ಆ್ಯಪ್‌ನ ಸ್ಲ್ಯಾಶ್ ಕಮಾಂಡ್ ಅವರ ಸದಸ್ಯರಿಗೆ ಮಾತ್ರ ನಡೆಯುತ್ತದೆ, ಜಂಟಿ ಚಾನೆಲ್‌ನಲ್ಲಿರುವ ನಮ್ಮವರಿಗೆ ನಡೆಯುವುದಿಲ್ಲ. ಅವರು ಪರೀಕ್ಷಿಸಿದಾಗ ಚೆನ್ನಾಗಿಯೇ ನಡೆದಿತ್ತು, ಏಕೆಂದರೆ ಪರೀಕ್ಷಿಸಿದವರು ಅವರೇ. ಅದಿರಲಿ, ಗೋದಾಮಿನಲ್ಲಿ ಕೈಗೆ ಮೊದಲು ಸಿಗುವುದು ಫೋನೇ. ಇಂಟರ್‌ನೆಟ್ ಹೋಗಿರುವುದೇ ಸಮಸ್ಯೆಯಾದರೆ ಚಾನೆಲ್ಲೂ ಇರುವುದಿಲ್ಲ.

ಫೋನ್ ಮಾಡಿದ ಮೇಲೆ ಚಾನೆಲ್‌ನಲ್ಲಿ ಹೊಸ ಸಂದೇಶವಾಗಿ, ಹಳೆಯ ಥ್ರೆಡ್‌ನಲ್ಲಲ್ಲ, ಇಷ್ಟನ್ನು ತುಂಬಿ ಹಾಕಿ. ಮೊದಲು ಫೋನ್, ಆಮೇಲೆ ಬರಹ. ಈ ಕ್ರಮ ತಲೆಕೆಳಗಾಗಬಾರದು.

```
ಏನು ನಿಂತಿದೆ:
ಎಲ್ಲಿ, ಯಾವಾಗಿನಿಂದ:
ಪರದೆಯ ಮೇಲಿನ ದೋಷ ಸಂಖ್ಯೆ:
ಒಂದು ಬಿಲ್ ನಂಬರ್:
ಈವರೆಗೆ ಏನು ಮಾಡಿ ನೋಡಿದ್ದೀರಿ:
ಫೋನ್ ಎತ್ತುವವರು:
```

ಕೊನೆಯ ಎರಡು ಸಾಲುಗಳನ್ನು ಬಿಡಬೇಡಿ. ‘ಎರಡು ಸಲ ಕಳಿಸಿದೆವು, ಎರಡನೇ ಸಲ 2150 ಬಂತು’ ಎಂದು ಅವತ್ತು ಬರೆದಿದ್ದರೆ ಗೊತ್ತಿರುವವರು ಅಷ್ಟರಿಂದಲೇ ಕಾರಣ ಹೇಳಿಬಿಡುತ್ತಿದ್ದರು. ಫೋನ್ ಎತ್ತುವವರು ಎಂದರೆ ಪರದೆಯ ಮುಂದೆಯೇ ಕೂತಿರುವವರು. ಆಫೀಸಿನಲ್ಲಿರುವ ನನ್ನ ಹೆಸರು ಬರೆದರೆ ನಾನು ನಿಮಗೆ ಫೋನ್ ಮಾಡಿ ಕೇಳಿ, ಅವರಿಗೆ ಫೋನ್ ಮಾಡಿ ಹೇಳಿ, ಮಧ್ಯದಲ್ಲಿ ಅರ್ಧ ಮಾತು ಮರೆಯುತ್ತೇನೆ. ಪರದೆಯ ಫೋಟೋ ಹಾಕುವುದಾದರೆ ಇಡೀ ಪರದೆ ಬರಲಿ, ದೋಷದ ಪೆಟ್ಟಿಗೆ ಮಾತ್ರ ಬೇಡ. ಹಾಗೆಯೇ ಪಾಸ್‌ವರ್ಡ್, ಒಟಿಪಿ, ಪೋರ್ಟಲ್‌ನ ಎಪಿಐ ಯೂಸರ್ ವಿವರಗಳನ್ನು ಚಾನೆಲ್‌ನಲ್ಲಿ ಯಾರು ಕೇಳಿದರೂ ಹಾಕಬೇಡಿ. ಸಂದೇಶಗಳನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು ಎಂಬ ನಿಯಮ ಎರಡೂ ಕಂಪನಿಯಲ್ಲಿ ಬೇರೆ ಬೇರೆ ಇರುತ್ತದೆ. ನಮ್ಮ ಕಡೆ ಅಳಿದದ್ದು ಅವರ ಕಡೆ ಉಳಿದಿರಬಹುದು.

ಈಗ ಕಷ್ಟದ ಪ್ರಶ್ನೆ. ಯಾವುದು ತುರ್ತು?

ಬೆಂಗಳೂರಿನವರ ಮೊದಲ ಕರಡಿನಲ್ಲಿ ‘ಉತ್ಪಾದನಾ ವ್ಯವಸ್ಥೆ ಸಂಪೂರ್ಣ ಸ್ಥಗಿತಗೊಂಡಾಗ’ ಎಂದಿತ್ತು. ಆ ಶುಕ್ರವಾರ ವ್ಯವಸ್ಥೆ ಸ್ಥಗಿತಗೊಂಡಿರಲೇ ಇಲ್ಲ. ಲಾಗಿನ್ ಆಗುತ್ತಿತ್ತು, ಸ್ಟಾಕ್ ಕಾಣುತ್ತಿತ್ತು, ವರದಿ ಬರುತ್ತಿತ್ತು. ಲಾರಿ ಮಾತ್ರ ಹೊರಡುತ್ತಿರಲಿಲ್ಲ. ಸರ್ವರ್ ಕಡೆಯಿಂದ ನೋಡಿ ಬರೆದ ವ್ಯಾಖ್ಯೆಗೆ ಗೇಟಿನ ಲಾರಿ ಕಾಣುವುದಿಲ್ಲ. ಆದ್ದರಿಂದ ನಮ್ಮ ಕೆಲಸದ ಭಾಷೆಯಲ್ಲೇ ಅದನ್ನು ಬರೆದೆವು. ಬಿಲ್ ಅಥವಾ ಇ-ವೇ ಬಿಲ್ ಆಗದೆ ಮಾಲು ಗೇಟು ದಾಟುತ್ತಿಲ್ಲವೆಂದರೆ ತುರ್ತು. ತಪ್ಪು ತೆರಿಗೆ, ತಪ್ಪು ದರ, ತಪ್ಪು ಗ್ರಾಹಕರ ಹೆಸರಿನ ಬಿಲ್ಲುಗಳು ಹೊರಗೆ ಹೋಗುತ್ತಿವೆಯೆಂದರೆ, ಕೆಲಸ ಎಷ್ಟೇ ಸರಾಗವಾಗಿ ನಡೆಯುತ್ತಿರಲಿ, ತುರ್ತು. ಸರಾಗವಾಗಿ ನಡೆಯುತ್ತಿದ್ದಷ್ಟೂ ತಪ್ಪು ಬಿಲ್ಲುಗಳ ಸಂಖ್ಯೆ ಬೆಳೆಯುತ್ತದೆ. ಬೇರೆ ಯಾರದೋ ಮಾಹಿತಿ ನಮ್ಮ ಪರದೆಯಲ್ಲಿ ಕಂಡರೂ, ನಮ್ಮದು ಇನ್ನೆಲ್ಲೋ ಕಂಡಿತೆಂದು ತಿಳಿದರೂ ತುರ್ತು. ಮಾಹಿತಿ ಸೋರಿಕೆಯಂಥ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕೆಂಬ ನಿಯಮ 2022ರಿಂದ ಇದೆ. ಆ ಗಡಿಯಾರ ನಮ್ಮ ಆಫೀಸಿನ ಸಮಯ ನೋಡಿಕೊಂಡು ಓಡುವುದಿಲ್ಲ.

ನಾಲ್ಕನೆಯದನ್ನು ನಮಗೆ ಕಲಿಸಿದ್ದು ಆ ಶನಿವಾರ. ಏನೂ ನಿಂತಿಲ್ಲ, ಯಾರೂ ಕೂಗುತ್ತಿಲ್ಲ, ಆದರೆ ಹೊರಗಿನ ಒಂದು ಗಡುವು ಮುಗಿಯುತ್ತಿದೆ. ಐಆರ್‌ಎನ್ ರದ್ದತಿಯ 24 ಗಂಟೆ ಅಂಥದ್ದು. ಇ-ವೇ ಬಿಲ್ ರದ್ದತಿಗೂ 24 ಗಂಟೆಯೇ. ಜಿಎಸ್‌ಟಿಆರ್-1ಕ್ಕೆ ಪ್ರತಿ ತಿಂಗಳು ಸಲ್ಲಿಸುವವರಿಗೆ 11ನೇ ತಾರೀಕು, 3ಬಿಗೆ 20. ಇಂಥದ್ದು ಬಂದಾಗ ಸಂದೇಶದಲ್ಲಿ ‘ಬೇಗ’ ಎನ್ನಬೇಡಿ. ‘ಶನಿವಾರ ಸಂಜೆ 7:10ರ ಒಳಗೆ ಆಗದಿದ್ದರೆ ಆಮೇಲೆ ಆಗುವುದೇ ಇಲ್ಲ’ ಎಂದು ಗಡುವನ್ನೇ ಬರೆಯಿರಿ, ಮತ್ತು ಅದೇ ತುರ್ತು ನಂಬರಿಗೆ ಫೋನ್ ಮಾಡಿ. ಲೆಕ್ಕಪತ್ರದ ಗೆಳೆಯರಿಗೆ ಇದನ್ನು ಒತ್ತಿ ಹೇಳುತ್ತಿದ್ದೇನೆ. ನೀವು ದನಿ ಎತ್ತುವವರಲ್ಲ, ನಿಮ್ಮ ಸೌಜನ್ಯದಿಂದ ಮೂರು ಕ್ರೆಡಿಟ್ ನೋಟ್ ಹಾಕುವ ಕೆಲಸ ನಿಮಗೇ ಬಂತು.

ತುರ್ತು ಹೌದೋ ಅಲ್ಲವೋ ಎಂದು ಕರೆ ಮಾಡುವ ಮೊದಲು ಯಾರ ಒಪ್ಪಿಗೆಯನ್ನೂ ಕೇಳಬೇಕಿಲ್ಲ. ಗೋದಾಮಿನ ಪಾಳಿಯಲ್ಲಿರುವ ಯಾರು ಬೇಕಾದರೂ ಕರೆ ಮಾಡಬಹುದು. ಇದಕ್ಕೆ ಬೆಂಗಳೂರಿನವರು ಅಳುಕಿದರು, ಎಲ್ಲದಕ್ಕೂ ಫೋನ್ ಬರುತ್ತದೆ ಎಂದು. ಅವರ ಅಳುಕಿಗೆ ಅರ್ಥವಿದೆ. ಆದರೆ ಮ್ಯಾನೇಜರ್ ಒಪ್ಪಿದ ಮೇಲೆಯೇ ಕರೆ ಎಂದಿಟ್ಟರೆ, ಮ್ಯಾನೇಜರ್ ಊಟಕ್ಕೆ ಹೋದಾಗ ಹುಡುಗರು ಬಿಲ್ ನಂಬರ್ ಬದಲಿಸುತ್ತಾರೆ. ಕರೆ ಬಂದ ಮೇಲೆ ಮಾತಾಡಿ, ಇದು ಬೆಳಿಗ್ಗೆ ನೋಡಬಹುದಾದದ್ದು ಎನಿಸಿದರೆ ಇಂಜಿನಿಯರ್ ಕಾರಣ ಹೇಳಿ ಕೆಳಗಿಳಿಸಬಹುದು. ಅದೂ ಫೋನಿನಲ್ಲೇ ಹೇಳಿ, ಚಾನೆಲ್‌ನಲ್ಲಿ ಒಂದು ಸಾಲು ಬರೆದು. ಸುಮ್ಮನೆ ಲೇಬಲ್ ಬದಲಿಸಿ ಮಲಗುವಂತಿಲ್ಲ. ಸುಳ್ಳು ತುರ್ತು ಹೆಚ್ಚಾದರೆ ತಿಂಗಳ ಕೊನೆಗೆ ನಾನು ಕೂತು ಪಟ್ಟಿ ನೋಡುತ್ತೇನೆ, ಕರೆ ಮಾಡಿದವರನ್ನು ಬೈಯುವುದಿಲ್ಲ. ನನ್ನ ಅನುಭವದಲ್ಲಿ ಸಣ್ಣ ವಿಷಯಕ್ಕೆ ತುರ್ತು ನಂಬರ್ ಬಳಸುವುದು, ಸಣ್ಣ ವಿಷಯಗಳಿಗೆ ಮಾಮೂಲಿ ದಾರಿಯಲ್ಲಿ ಉತ್ತರವೇ ಬರದಿದ್ದಾಗ.

ಇನ್ನು ಸಮಯದ ಮಾತು. ತುರ್ತಿಗೆ, ಹಗಲಿರಲಿ ರಾತ್ರಿಯಿರಲಿ, 15 ನಿಮಿಷದೊಳಗೆ ಒಬ್ಬ ಮನುಷ್ಯ ‘ನಾನು ನೋಡುತ್ತಿದ್ದೇನೆ’ ಎನ್ನಬೇಕು. ತಾನಾಗಿ ಹೋಗುವ ಸಂದೇಶ ಲೆಕ್ಕಕ್ಕಿಲ್ಲ. ಗೋದಾಮಿಗೆ ಅದು ಅಪಾಯಕಾರಿ ಕೂಡ, ಏಕೆಂದರೆ ಯಾರೋ ಹಿಡಿದಿದ್ದಾರೆ ಎಂದು ಅವರು ಕಾಯುತ್ತ ಕೂರುತ್ತಾರೆ. ತುರ್ತು ಬರಹಗಳಿಗೆ ಅದನ್ನು ನಿಲ್ಲಿಸಲು ಹೇಳಿದ್ದೇನೆ. ಆಮೇಲೆ ಪ್ರತಿ ಅರ್ಧ ಗಂಟೆಗೆ ಒಂದು ಸಾಲು ಬರಬೇಕು, ಹೇಳಲು ಹೊಸದೇನೂ ಇಲ್ಲದಿದ್ದರೂ. ‘ಇನ್ನೂ ಕಾರಣ ಸಿಕ್ಕಿಲ್ಲ, ಮುಂದಿನ ಮಾತು 8:45ಕ್ಕೆ’ ಎಂದರೂ ಸಾಕು. ಅಷ್ಟು ಗೊತ್ತಿದ್ದರೆ ಗೋದಾಮಿನವರು ಡ್ರೈವರ್‌ಗಳನ್ನು ಊಟಕ್ಕೆ ಕಳಿಸಬಹುದು.

ಎಷ್ಟು ಹೊತ್ತಿನಲ್ಲಿ ಸರಿಪಡಿಸುತ್ತೀರಿ ಎಂಬ ಗಡುವನ್ನು ಮಾತ್ರ ನಾನು ಬರೆಸಿಕೊಂಡಿಲ್ಲ. ನಮ್ಮ ನಿರ್ದೇಶಕರಿಗೆ ಇದು ಸಮಾಧಾನ ತರಲಿಲ್ಲ. ಆದರೆ ಕಾರಣ ಗೊತ್ತಿಲ್ಲದ ದೋಷಕ್ಕೆ ಎರಡು ಗಂಟೆ ಎಂದು ಸಹಿ ಹಾಕಿಸಿಕೊಂಡರೆ, ಎರಡನೇ ಗಂಟೆಯ ಹೊತ್ತಿಗೆ ಏನೋ ಒಂದು ತೇಪೆ ಹಾಕಿ ‘ಪರಿಹಾರವಾಗಿದೆ’ ಎಂದು ಮುಚ್ಚುವುದನ್ನೇ ನಾವು ಕೊಂಡುಕೊಂಡಂತೆ. ಅದರ ಬದಲು, ಮೊದಲ ಒಂದು ಗಂಟೆಯೊಳಗೆ ‘ಸದ್ಯಕ್ಕೆ ಹೀಗೆ ಮಾಡಿ, ಇದನ್ನು ಮಾತ್ರ ಮಾಡಬೇಡಿ’ ಎಂಬ ಎರಡು ಮಾತು ಹೇಳಲೇಬೇಕು ಎಂದಿದೆ. ಎರಡನೆಯ ಮಾತಿಗೇ ಬೆಲೆ ಹೆಚ್ಚು. ‘ಬಿಲ್ ನಂಬರ್ ಬದಲಿಸಬೇಡಿ’ ಎಂದು ಅವತ್ತು ಒಬ್ಬರು ಹೇಳಿದ್ದರೆ ಸಾಕಿತ್ತು.

ಮಾಮೂಲಿ ಸಮಸ್ಯೆಗೆ 4 ಕೆಲಸದ ಗಂಟೆಗಳಲ್ಲಿ ಮೊದಲ ಉತ್ತರ, ‘ಇದು ಹೇಗೆ ಮಾಡುವುದು’ ಎಂಬಂಥ ಪ್ರಶ್ನೆಗೆ ಮರುದಿನದೊಳಗೆ. ‘ಕೆಲಸದ ಗಂಟೆ’ ಎಂಬುದರ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ, ಜಗಳ ಹುಟ್ಟುವುದೇ ಇಲ್ಲಿ. ಬೆಂಗಳೂರಿನವರ ಸಮಯ ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 9:30ರಿಂದ ಸಂಜೆ 6:30. ಶುಕ್ರವಾರ 5:30ಕ್ಕೆ ಕೇಳಿದರೆ ಅವತ್ತು ಒಂದು ಗಂಟೆ ಕಳೆಯುತ್ತದೆ, ಉಳಿದ ಮೂರು ಸೋಮವಾರ. ಅಂದರೆ ಸೋಮವಾರ 12:30ಕ್ಕೆ ಉತ್ತರ ಬಂದರೂ ಅವರು ಮಾತಿಗೆ ತಪ್ಪಿದಂತಲ್ಲ. ನಮ್ಮ ಗೋದಾಮಿಗೆ ಶನಿವಾರ ಪೂರ್ತಿ ಕೆಲಸದ ದಿನ, ಹಬ್ಬದ ಮುಂಚಿನ ವಾರಗಳಲ್ಲಿ ಭಾನುವಾರವೂ. ‘ನಾಲ್ಕು ಗಂಟೆ’ ಎಂಬ ಒಂದೇ ಮಾತನ್ನು ನಾವು ಒಂದು ಬಗೆ, ಅವರು ಒಂದು ಬಗೆ ಓದಿಕೊಂಡಿದ್ದೆವು. ಮುಂದಿನ ತಿಂಗಳಿಂದ ಶನಿವಾರ ಮಧ್ಯಾಹ್ನ 2ರವರೆಗೆ ಒಬ್ಬರು ಚಾನೆಲ್ ನೋಡುತ್ತಾರೆ. ಅವರ ರಜೆ ಪಟ್ಟಿಯನ್ನು ಚಾನೆಲ್‌ನ ತುದಿಯಲ್ಲಿ ಪಿನ್ ಮಾಡಲು ಕೇಳಿದ್ದೇನೆ.

ಸಪೋರ್ಟ್ ತಂಡದವರಿಗೆ ಒಂದು ಮಾತು, ಸ್ವಲ್ಪ ಖಾರವಾಗಿದ್ದರೆ ಕ್ಷಮಿಸಿ. ‘ಗ್ರಾಹಕರ ಉತ್ತರಕ್ಕೆ ಕಾಯಲಾಗುತ್ತಿದೆ’ ಎಂದು ಗುರುತು ಹಾಕಿದಾಕ್ಷಣ ನಿಮ್ಮ ಟಿಕೆಟ್ ವ್ಯವಸ್ಥೆಯಲ್ಲಿ ಗಡಿಯಾರ ನಿಲ್ಲುತ್ತದೆ ಎಂಬುದು ನನಗೆ ಗೊತ್ತು. ‘ದಯವಿಟ್ಟು ಹೆಚ್ಚಿನ ವಿವರ ನೀಡಿ’ ಎಂದು ಬರೆದು ಗಡಿಯಾರ ನಿಲ್ಲಿಸುವುದನ್ನು ನಾನು ಕಂಡಿದ್ದೇನೆ. ಇನ್ನು ಮುಂದೆ ಯಾವ ವಿವರ, ಯಾವ ಪರದೆಯಿಂದ ಎಂದು ಬರೆದರೆ ಮಾತ್ರ ಅದು ಪ್ರಶ್ನೆ. ತುರ್ತಿನಲ್ಲಂತೂ ಗಡಿಯಾರ ನಿಲ್ಲುವುದೇ ಇಲ್ಲ. ಏನಾದರೂ ಬೇಕಿದ್ದರೆ ಫೋನ್ ಮಾಡಿ ಕೇಳಿ. ಹಾಗೆಯೇ ಒಂದು ಸಂದೇಶವನ್ನು ಕೈಗೆತ್ತಿಕೊಂಡವರು ಅದರ ಕೆಳಗೆ ಕಣ್ಣಿನ ಗುರುತು ಹಾಕಿ, ಅದರಿಂದ ಇಬ್ಬರು ಒಂದೇ ಕೆಲಸ ಹಿಡಿಯುವುದು ತಪ್ಪುತ್ತದೆ. ಮುಗಿಯಿತು ಎಂಬ ಟಿಕ್ ಗುರುತು ಹಾಕುವ ಹಕ್ಕು ಮಾತ್ರ ಕೇಳಿದವರದು. ನಿಮ್ಮ ಕಡೆ ಸರಿಹೋದದ್ದು ಗೋದಾಮಿನ ಪ್ರಿಂಟರ್‌ನಲ್ಲಿ ಸರಿಹೋಗಿರಲಿಕ್ಕಿಲ್ಲ.

ಗೋದಾಮಿನವರಿಗೂ ಒಂದು ಮಾತು. ‘ಸರ್’ ಎಂದಷ್ಟೇ ಬರೆದು ಉತ್ತರಕ್ಕೆ ಕಾಯಬೇಡಿ. ಎದುರಿಗೆ ಸಿಕ್ಕಾಗ ಅದು ಮರ್ಯಾದೆ. ಚಾನೆಲ್‌ನಲ್ಲಿ ಅವರು ‘ಹೇಳಿ ಸರ್’ ಎನ್ನುವಷ್ಟರಲ್ಲಿ ನೀವು ಲೋಡಿಂಗ್‌ಗೆ ಹೋಗಿರುತ್ತೀರಿ, ನೀವು ಬರುವಷ್ಟರಲ್ಲಿ ಅವರು ಮೀಟಿಂಗ್‌ಗೆ. ಇಡೀ ಮಾತನ್ನು ಒಂದೇ ಸಂದೇಶದಲ್ಲಿ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಆ ತಂಡದಲ್ಲಿ ಕನ್ನಡ ಓದುವವರು ಪ್ರತಿ ಪಾಳಿಯಲ್ಲೂ ಇದ್ದಾರೆ ಎಂದು ಖಚಿತಪಡಿಸಿಕೊಂಡಿದ್ದೇನೆ. ಇಂಗ್ಲಿಷಿನಲ್ಲಿ ಬರೆಯಬೇಕೆಂದು ಅರ್ಧ ಮಾತು ಬಿಡುವುದು ಬೇಡ.

ತುರ್ತು ನಂಬರನ್ನು ಬರುವ ಸೋಮವಾರ ಸಂಜೆ 7:30ಕ್ಕೆ ಪರೀಕ್ಷೆ ಮಾಡುತ್ತೇವೆ. ಕರೆ ಗೋದಾಮಿನ ಫೋನಿನಿಂದಲೇ ಹೋಗಬೇಕು, ನನ್ನ ಮೊಬೈಲಿನಿಂದ ಅಲ್ಲ. ಮೊದಲನೆಯವರು ಬೇಕೆಂದೇ ಎತ್ತಬಾರದು, ಎರಡನೆಯವರಿಗೆ ಹೋಗುತ್ತದೆಯೇ ಎಂಬುದನ್ನೂ ನೋಡಬೇಕು. ಸರದಿಯಲ್ಲಿರುವ ಇಂಜಿನಿಯರ್‌ಗಳು ಪೇಜರ್ ಸೇವೆಯ ನಂಬರನ್ನು ಇವತ್ತೇ ಫೋನಿನಲ್ಲಿ ಹೆಸರು ಹಾಕಿ ಉಳಿಸಿಕೊಳ್ಳಿ. ಅಪರಿಚಿತ ನಂಬರ್ ಎಂದು ಟ್ರೂಕಾಲರ್ ಅದನ್ನು ಸ್ಪ್ಯಾಮ್ ಪಟ್ಟಿಗೆ ಸೇರಿಸಿ ಮೌನವಾಗಿ ಕತ್ತರಿಸಿಬಿಡಬಹುದು. ಸೈಲೆಂಟ್‌ನಲ್ಲೂ ಮೊಳಗುವಂತೆ ಆ ಒಂದು ನಂಬರಿಗೆ ವಿನಾಯಿತಿ ಕೊಟ್ಟಿಡಿ. ತಿಂಗಳಿಗೊಮ್ಮೆ, ಸರದಿ ಪಟ್ಟಿ ಬದಲಾದ ವಾರ, ಇದೇ ಪರೀಕ್ಷೆ ಮತ್ತೆ ನಡೆಯುತ್ತದೆ.

ಒಂದು ವಿಷಯ ಇನ್ನೂ ತೀರ್ಮಾನವಾಗಿಲ್ಲ. 2150 ಬಂದಾಗ ಸಾಫ್ಟ್‌ವೇರ್ ತಾನಾಗಿಯೇ ಹಳೆಯ ಐಆರ್‌ಎನ್ ತಂದು ಕೂರಿಸಬೇಕು, ಮನುಷ್ಯರಿಗೆ ಫೋನ್ ಮಾಡುವ ಅಗತ್ಯವೇ ಬರಬಾರದು ಎಂದು ನಾವು ಕೇಳಿದ್ದೇವೆ. ಬೆಂಗಳೂರಿನವರು ಇದನ್ನು ‘ಹೊಸ ಸೌಲಭ್ಯ’ ಎನ್ನುತ್ತಾರೆ, ಅದಕ್ಕೆ ಬೇರೆ ದರ. ನಾನು ‘ದೋಷ’ ಎನ್ನುತ್ತೇನೆ. ಮಾತು ನಡೆದಿದೆ. ಅದು ಮುಗಿಯುವವರೆಗೆ, ಗೋದಾಮಿನ ಗೆಳೆಯರೇ, ಆ ಸಂಖ್ಯೆ ಕಂಡರೆ ಬಿಲ್ ನಂಬರ್ ಮುಟ್ಟಬೇಡಿ, ಫೋನ್ ಎತ್ತಿ.

ಇಂತಿ,
ಎರಡೂ ಕಡೆಯವರ ನಡುವೆ ಕೂತಿರುವ ನಿಮ್ಮ ಸಾಫ್ಟ್‌ವೇರ್ ಸಂಯೋಜಕ